ಅಪ್ಪನ ಜೊತೆ ಬೆಂಗಳೂರಿಂದ ದೆಹಲಿಗೆ ರೈಲಲ್ಲಿ: ಯಾವ ಬರ್ತ್, ಮಾತ್ರೆ ಹೇಗೆ, ನಡುವೆ ಇಳಿಯೋದಾ ಬೇಡವಾ?

ಜಯನಗರದ ಮಗ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 78 ವರ್ಷ. ತಂಗಿ ದೆಹಲಿಯಲ್ಲಿ ಮನೆ ತೊಗೊಂಡಿದ್ದಾಳೆ, ಜನವರಿ ಕೊನೆಯಲ್ಲಿ ಗೃಹಪ್ರವೇಶ. ವಿಮಾನ ಅಂದ್ರೆ ಅಪ್ಪ ಮುಖ ಗಂಟು ಹಾಕ್ತಾರೆ. "ಕೆ.ಕೆ.ಯಲ್ಲೇ ಹೋಗೋದು, ಇಲ್ಲಾಂದ್ರೆ ನಾನು ಬರಲ್ಲ" ಅಂತ ಹಟ. ಅವರ ಬಾಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಇವತ್ತಿಗೂ ಕೆ.ಕೆ.ನೇ. ಸಂಜೆ ಬೆಂಗಳೂರು ಬಿಟ್ಟರೆ ಮೂರನೇ ದಿನ ಬೆಳಗ್ಗೆ ನವದೆಹಲಿ. ಎರಡು ರಾತ್ರಿ, ಒಂದು ಇಡೀ ಹಗಲು.

ಅವರಿಗೆ ಸಕ್ಕರೆ ಕಾಯಿಲೆ ಇದೆ. ಬೆಳಗ್ಗೆ ತಿಂಡಿಗೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ಪೆನ್. ಬಿಪಿ ಮಾತ್ರೆ ಇದೆ. ಪ್ರಾಸ್ಟೇಟ್‌ಗೆ ರಾತ್ರಿ ಒಂದು ಮಾತ್ರೆ. ರಾತ್ರಿ ಮೂರು ಸಲ ಏಳ್ತಾರೆ. ಮಂಡಿ ನೋವು, ಆದರೆ ಕೋಲು ಹಿಡಿದು ನಡೀತಾರೆ. ಹೋಗೋದು ನಾವಿಬ್ಬರೇ. ನನಗೆ 46.

ಕೇಳಬೇಕಾದ್ದು ಮೂರು. ಸೀನಿಯರ್ ಸಿಟಿಜನ್ ಕೋಟಾದಲ್ಲಿ ಬುಕ್ ಮಾಡಿದ್ರೆ ಲೋಯರ್ ಬರ್ತ್ ಗ್ಯಾರಂಟಿನಾ? ಇನ್ಸುಲಿನ್ ಐಸ್‌ನಲ್ಲಿ ಇಟ್ಕೊಂಡು ಹೋಗಬೇಕಾ? ಒಂದೇ ಏಟಿಗೆ ಹೋಗೋದಾ, ನಡುವೆ ಎಲ್ಲಾದ್ರೂ ಒಂದು ದಿನ ಇಳಿಯೋದಾ?

ಸೋಮಣ್ಣ ತುಮಕೂರು

ಸೀನಿಯರ್ ಸಿಟಿಜನ್ ಅಂತ ಹಾಕಿ, ಗಂಡಸರಿಗೆ ಟಿಕೆಟ್‌ನಲ್ಲಿ 40 ಪರ್ಸೆಂಟ್ ಕಡಿಮೆ ಆಗುತ್ತೆ. ಅದನ್ನ ಬಿಡಬೇಡಿ.

ವಾಡಿ ಜಂಕ್ಷನ್

ಸೋಮಣ್ಣನವರೇ, ಆ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತುಹೋಯ್ತು. ಈಗ ವಯಸ್ಸಿಗೆ ಸಿಗೋದು ಬರ್ತ್‌ನಲ್ಲಿ ಸ್ವಲ್ಪ ಅನುಕೂಲ, ದುಡ್ಡಲ್ಲಿ ಅಲ್ಲ.

ಜಯನಗರದವರೇ, ನಾನು ರೈಲಲ್ಲಿ ಟಿಕೆಟ್ ಚೆಕ್ ಮಾಡೋ ಕೆಲಸದಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತಿ ಆದವನು. ನಿಮ್ಮ ಮೊದಲ ಪ್ರಶ್ನೆಯಲ್ಲೇ ಜನ ಜಾಸ್ತಿ ಎಡವೋದು. ಆ ಕೋಟಾ ಇರೋದು 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ. ಒಬ್ಬರೇ ಹೋಗಬೇಕು, ಇಲ್ಲಾ ಇಂಥವರೇ ಇಬ್ಬರು ಒಂದು ಟಿಕೆಟ್‌ನಲ್ಲಿರಬೇಕು. ನೀವು 46ರ ಗಂಡಸು, ಅಪ್ಪನ ಟಿಕೆಟ್‌ಗೆ ಸೇರಿದ ಕೂಡಲೇ ಆ ಕೋಟಾ ಕೈ ತಪ್ಪುತ್ತೆ. ನಿಮ್ಮ ತಾಯಿಯೋ ಅಕ್ಕನೋ ಜೊತೆಗಿದ್ದಿದ್ರೆ ಲೆಕ್ಕ ಬೇರೆ ಇತ್ತು.

ಹಾಗಾಗಿ ನಿಮಗೆ ಎರಡು ದಾರಿ. ಅಪ್ಪನಿಗೊಂದು ಟಿಕೆಟ್ ಆ ಕೋಟಾದಲ್ಲಿ, ನಿಮಗೊಂದು ಜನರಲ್‌ನಲ್ಲಿ. ಆಗ ಅವರಿಗೆ ಲೋಯರ್ ಬಹುತೇಕ ಸಿಗುತ್ತೆ, ಆದರೆ ನೀವು ಬೇರೆ ಬೋಗಿಗೆ ಬಿದ್ದರೂ ಬೀಳಬಹುದು. ರಾತ್ರಿ ಮೂರು ಸಲ ಏಳೋರನ್ನ ಒಂಟಿ ಬಿಟ್ಟು ನೀವು ಇನ್ನೊಂದು ಬೋಗಿಯಲ್ಲಿ ನಿದ್ದೆ ಮಾಡ್ತೀರಾ? ನಾನಾದ್ರೆ ಎರಡನೇ ದಾರಿ ಹಿಡೀತೀನಿ. ಇಬ್ಬರೂ ಒಂದೇ ಟಿಕೆಟ್, ಜನರಲ್ ಕೋಟಾ. ಅಪ್ಪನ ಹೆಸರಿನ ಎದುರು ಲೋಯರ್ ಹಾಕಿ. ಕೆಳಗಡೆ, ಕನಿಷ್ಠ ಒಂದು ಲೋಯರ್ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು ಅನ್ನೋ ಆಯ್ಕೆ ಇರುತ್ತೆ, ಅದನ್ನ ಒತ್ತಿ. ಲೋಯರ್ ಇಲ್ಲದಿದ್ರೆ ಟಿಕೆಟೇ ಆಗಲ್ಲ, ಆಮೇಲೆ ಪೇಚಾಟ ಇಲ್ಲ.

ಇದೆಲ್ಲ ನಡೆಯೋದು ಬುಕಿಂಗ್ ತೆರೆದ ದಿನ. ಈಗ 60 ದಿನ ಮುಂಚೆ, ಬೆಳಗ್ಗೆ 8ಕ್ಕೆ ತೆರೆಯುತ್ತೆ. ಮೊದಲಿದ್ದ 120 ದಿನ 2024ರ ನವೆಂಬರ್‌ನಿಂದ ಇಲ್ಲ. ಹತ್ತು ದಿನ ಬಿಟ್ಟು ಕೂತರೆ ಮಿಡ್ಲ್, ಅಪ್ಪರ್ ಮಾತ್ರ ಉಳಿದಿರುತ್ತೆ.

ಹುಬ್ಬಳ್ಳಿ ಮಂದಿ

ಥರ್ಡ್ ಎಸಿ ಸಾಕ್ರಿ, ಸುಮ್ನ ಸೆಕೆಂಡ್ ಎಸಿಗೆ ರೊಕ್ಕ ಯಾಕ ಹಾಕ್ತೀರಿ. ಲೋಯರ್ ಅಂದ್ರ ಎಲ್ಲಾ ಕಡೆ ಲೋಯರೇ. 9ನೇ ನಂಬರ್ ಇಲ್ಲಾ 12ನೇ ನಂಬರ್ ತಗೋರಿ. ಬಾತ್‌ರೂಮಿಗೆ ಹತ್ರ, ವಾಸನಿ ಬರಂಗಿಲ್ಲ.

ವಾಡಿ ಜಂಕ್ಷನ್

ನಂಬರ್ ಬಗ್ಗೆ ಹೇಳಿದ್ದು ಸರಿ, ಆದರೆ ನಂಬರ್ ನಾವು ಆರಿಸೋಕೆ ಆಗಲ್ಲ. ಲೋಯರ್ ಅಂತ ಕೇಳಬಹುದು ಅಷ್ಟೇ, ಯಾವ ಲೋಯರ್ ಅನ್ನೋದು ಕಂಪ್ಯೂಟರ್ ಇಷ್ಟ.

ಥರ್ಡ್ ಎಸಿ ಲೋಯರ್, ಸೆಕೆಂಡ್ ಎಸಿ ಲೋಯರ್ ಒಂದೇ ಅನ್ನೋದನ್ನ ಮಾತ್ರ ಒಪ್ಪಲ್ಲ. ಥರ್ಡ್ ಎಸಿಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಮಿಡ್ಲ್ ಬರ್ತ್ ಹಾಕಿರ್ತಾರೆ. ಅದರ ಕೆಳಗೆ ನೆಟ್ಟಗೆ ಕೂರೋಕೆ ಆಗಲ್ಲ. ಮಲಗಿದ ಕಡೆಯಿಂದ ತಲೆ ಬಗ್ಗಿಸಿಕೊಂಡೇ ಹೊರಗೆ ಬರಬೇಕು. ಮಂಡಿ ನೋವಿನವರು ಕತ್ತಲಲ್ಲಿ ಹಾಗೆ ಮೂರು ಸಲ ಎದ್ದರೆ ಒಂದು ಸಲವಾದ್ರೂ ತಲೆ ಹೊಡೆಸಿಕೊಳ್ತಾರೆ. ಎಷ್ಟು ಜನರ ಹಣೆ ಊದಿದ್ದು ನೋಡಿದ್ದೀನಿ. ಸೆಕೆಂಡ್ ಎಸಿಯಲ್ಲಿ ಮಿಡ್ಲ್ ಬರ್ತೇ ಇಲ್ಲ. ಎದ್ದು ಕೂತು, ಕಾಲು ಇಳಿಬಿಟ್ಟು, ಸುಧಾರಿಸಿಕೊಂಡು ನಿಲ್ಲಬಹುದು. ದುಡ್ಡು ಹಾಕೋದಿದ್ರೆ ಇದಕ್ಕೆ ಹಾಕಿ.

ರೇಖಾ, ಮೈಸೂರು

ಥರ್ಡ್ ಎಸಿಯಲ್ಲೇ ಹೋಗಬೇಕು ಅಂದ್ರೆ ಸೈಡ್ ಲೋಯರ್ ಕೇಳಬಹುದಲ್ವಾ? ಅದರ ಮೇಲೆ ಮಿಡ್ಲ್ ಇರಲ್ಲ, ಪೂರ್ತಿ ಎದ್ದು ಕೂರಬಹುದು, ಕಾಲು ಇಟ್ಟರೆ ನೇರ ದಾರಿಗೆ. ನಮ್ಮತ್ತೆ ಅದನ್ನೇ ಬಯಸ್ತಾರೆ.

ವಾಡಿ ಜಂಕ್ಷನ್

ಕುಳ್ಳಗಿರೋರಿಗೆ ಚೆನ್ನಾಗಿದೆ ಅಮ್ಮ. ಉದ್ದ ಇರೋರಿಗೆ ಕಾಲು ಚಾಚೋಕಾಗಲ್ಲ. ಎರಡು ಸೀಟು ಸೇರಿಸಿ ಮಾಡೋ ಹಾಸಿಗೆ, ಬೆನ್ನು ನೋವಿನವರಿಗೆ ನಡುವಿನ ಆ ಜೋಡಣೆ ಒತ್ತುತ್ತೆ. ದಾರಿಯಲ್ಲಿ ಓಡಾಡೋರ ಮೊಣಕೈ, ಟ್ರಾಲಿ ಬೇರೆ ತಾಗ್ತಾ ಇರುತ್ತೆ. ಇನ್ನೊಂದು ವಿಷಯ, ಟಿಕೆಟ್ ಆರ್‌ಎಸಿ ಆದರೆ ಸಿಗೋದು ಇದೇ ಸೈಡ್ ಲೋಯರ್‌ನ ಅರ್ಧ. ಇನ್ನೊಬ್ಬರ ಜೊತೆ ಹಂಚಿಕೊಂಡು ರಾತ್ರಿ ಕೂತೇ ಕಳೀಬೇಕು. ವಯಸ್ಸಾದವರನ್ನ ಆರ್‌ಎಸಿ ಟಿಕೆಟ್‌ನಲ್ಲಿ ಎರಡು ರಾತ್ರಿ ಕರ್ಕೊಂಡು ಹೋಗೋ ಧೈರ್ಯ ಮಾಡಬೇಡಿ.

ಸುಮಾ ನರ್ಸ್

ವಾರ್ಡ್‌ನಲ್ಲಿ 18 ವರ್ಷ ಕೆಲಸ ಮಾಡಿದ್ದೀನಿ, ಮಾತ್ರೆ ವಿಷಯ ನಾನು ಹೇಳ್ತೀನಿ. ಅದಕ್ಕೂ ಮುಂಚೆ ಒಂದು ಮಾತು. ನೀವು ಬರ್ತ್, ಮಾತ್ರೆ, ಇಳಿಯೋದು ಅಂತ ಮೂರು ಪ್ರಶ್ನೆ ಕೇಳಿದ್ದೀರ. ನನಗೆ ಮೂರೂ ಒಂದೇ ಪ್ರಶ್ನೆ ಥರ ಕಾಣುತ್ತೆ: ನಿಮ್ಮ ತಂದೆ ರಾತ್ರಿ ಬಾತ್‌ರೂಮಿಗೆ ಬೀಳದೆ ಹೋಗಿ ಬರೋದು ಹೇಗೆ?

ರೈಲು ಹತ್ತಿದ ಕೂಡಲೇ ದೊಡ್ಡವರು ಮಾಡೋ ಮೊದಲ ಕೆಲಸ ನೀರು ಕುಡಿಯೋದು ನಿಲ್ಲಿಸೋದು. ನಮಗೆ ಹೇಳೋದೂ ಇಲ್ಲ. ಬಾಟಲಿ ಬಾಯಿಗಿಟ್ಟು ಹಾಗೇ ಕೆಳಗಿಡ್ತಾರೆ. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಒಣಗುತ್ತೆ, ಮೂತ್ರ ಕಡು ಹಳದಿ ಆಗುತ್ತೆ, ಎದ್ದು ನಿಂತರೆ ತಲೆ ತಿರುಗುತ್ತೆ. ಬಿಪಿ ಮಾತ್ರೆ ತೊಗೊಳ್ಳೋರಿಗೆ ಇದು ಇನ್ನೂ ಬೇಗ. ನಿಮ್ಮ ತಂದೆ ರಾತ್ರಿ ತೊಗೊಳ್ಳೋ ಪ್ರಾಸ್ಟೇಟ್ ಮಾತ್ರೆಗಳಲ್ಲಿ ಹಲವು, ಎದ್ದು ನಿಂತಾಗ ಬಿಪಿ ಇಳಿಸೋ ಜಾತಿಯವು. ಈ ಎರಡೂ ಸೇರಿ, ಅಲುಗಾಡೋ ಬೋಗಿ, ಒದ್ದೆ ನೆಲ. ಬೀಳೋದಕ್ಕೆ ಇನ್ನೇನು ಬೇಕು?

ಅದಕ್ಕೆ ನೀರು ಕಡಿಮೆ ಮಾಡಬೇಡಿ, ಹೊತ್ತು ಬದಲಾಯಿಸಿ. ಬೆಳಗ್ಗೆಯಿಂದ ಸಂಜೆ 6ರ ತನಕ ಗಂಟೆಗೊಂದು ಸಲ ಸಣ್ಣ ಲೋಟ. ಆಮೇಲೆ ಊಟಕ್ಕೆ, ಮಾತ್ರೆಗೆ ಬೇಕಾದಷ್ಟು. ಮಲಗೋ ಹೊತ್ತಿಗೆ ಟೀ ಬೇಡ. ರಾತ್ರಿ ಎದ್ದಾಗ ಬರ್ತ್ ಅಂಚಲ್ಲಿ ಎರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಲಿ. ಅಪ್ಪ ನಿಮ್ಮನ್ನ ಎಬ್ಬಿಸಲ್ಲ, "ಮಗ ಮಲಗಿದ್ದಾನೆ ಪಾಪ" ಅಂತಾರೆ. ಫೋನಲ್ಲಿ ನೀವೇ ಅಲಾರಂ ಇಟ್ಟುಕೊಂಡು 12ಕ್ಕೆ, 3ಕ್ಕೆ ಏಳಿ.

ಸೆಕೆಂಡ್ ಎಸಿಯಲ್ಲಿ ಪರದೆ ಇರುತ್ತೆ. ಮೆಡಿಕಲ್ ಶಾಪಲ್ಲಿ ಮುಚ್ಚಳ ಇರೋ ಮೂತ್ರದ ಕ್ಯಾನ್ ಸಿಗುತ್ತೆ, ಒಂದು ತೊಗೊಳ್ಳಿ. ಮೊದಲು ಬೇಡ ಅಂತಾರೆ, ಎರಡನೇ ರಾತ್ರಿ ಅವರೇ ಕೇಳ್ತಾರೆ.

ವಾಡಿ ಜಂಕ್ಷನ್

ಸುಮಾ ಅವರ ಮಾತಿಗೆ ಒಂದು ಸೇರಿಸ್ತೀನಿ. ನಮ್ಮ ಕಾಲದವರ ತಲೆಯಲ್ಲಿ, ಸ್ಟೇಷನ್‌ನಲ್ಲಿ ರೈಲು ನಿಂತಾಗ ಸಂಡಾಸಿಗೆ ಹೋಗಬಾರದು ಅನ್ನೋದು ಅಚ್ಚೊತ್ತಿದೆ. ಆಗ ಎಲ್ಲಾ ನೇರ ಹಳಿ ಮೇಲೆ ಬೀಳ್ತಿತ್ತು, ಅದಕ್ಕೆ ಆ ನಿಯಮ. ಈಗ ಬಯೋ ಟಾಯ್ಲೆಟ್, ಕೆಳಗೆ ಟ್ಯಾಂಕ್ ಇದೆ. ಹಾಗಾಗಿ ವಯಸ್ಸಾದವರನ್ನ ಕರ್ಕೊಂಡು ಹೋಗೋಕೆ ಒಳ್ಳೆ ಹೊತ್ತೇ ರೈಲು ನಿಂತಾಗ. ಅಲುಗಾಟ ಇಲ್ಲ. ಆದರೆ ಹೊರಡುವಾಗ ಒಂದು ಜಗ್ಗು ಬರುತ್ತೆ, ಒಳಗಿನ ಹಿಡಿಕಂಬಿ ಬಿಡಬಾರದು ಅಂತ ಹೇಳಿ. ಒಳಗಿಂದ ಚಿಲಕ ಹಾಕೋದು ಬೇಡ, ನೀವು ಬಾಗಿಲಲ್ಲಿ ನಿಂತಿರಿ.

ಸೋಮಣ್ಣ ತುಮಕೂರು

ಇಷ್ಟೆಲ್ಲಾ ಯಾಕೆ, ರಾತ್ರಿ ಅರ್ಧ ನಿದ್ದೆ ಮಾತ್ರೆ ಕೊಟ್ಟುಬಿಡಿ. ನಮ್ಮ ತಾಯಿಗೆ ನೆಗಡಿ ಮಾತ್ರೆ ಕೊಟ್ಟಿದ್ವಿ, ಬೆಳಗಿನ ತನಕ ಏಳಲೇ ಇಲ್ಲ.

ಸುಮಾ ನರ್ಸ್

ದಯವಿಟ್ಟು ಬೇಡ ಸೋಮಣ್ಣ. ನಿದ್ದೆ ಮಾತ್ರೆ ಅಭ್ಯಾಸ ಇಲ್ಲದ ಹಿರಿಯರು ಹೊಸ ಜಾಗದಲ್ಲಿ ಅರೆನಿದ್ದೆಯಲ್ಲಿ ಎದ್ದರೆ ಎಲ್ಲಿದ್ದೀವಿ ಅಂತಾನೇ ಗೊತ್ತಾಗಲ್ಲ. ಬೀಳೋದು ಆಗಲೇ. ಇವರ ತಂದೆಗಂತೂ ನಿದ್ದೆ ಬರಿಸೋ ನೆಗಡಿ ಮಾತ್ರೆ, ಅಲರ್ಜಿ ಮಾತ್ರೆ ಕೊಡಲೇಬಾರದು. ಪ್ರಾಸ್ಟೇಟ್ ಇರೋರಿಗೆ ಅದರಿಂದ ಮೂತ್ರ ಕಟ್ಟಿಕೊಳ್ಳಬಹುದು. ಹೊಟ್ಟೆ ಕೆಳಗೆ ಉಬ್ಬಿ, ನೋವು, ಹನಿಯೂ ಬರಲ್ಲ. ಆಗ ಟ್ಯೂಬ್ ಹಾಕಿಸಲೇಬೇಕು. ಆಸ್ಪತ್ರೆ ದೂರ ಇರೋ ಕಡೆ ರೈಲಲ್ಲಿ ಅದು ಬೇಕಾ? ದಾರಿಯಲ್ಲಿ ನೆಗಡಿ ಆದ್ರೆ ಸಹಪ್ರಯಾಣಿಕರು ಕೊಟ್ಟ ಮಾತ್ರೆನೂ ತೊಗೊಳ್ಳಬೇಡಿ.

ಜಯನಗರದ ಮಗ

ಅಯ್ಯೋ, ನಮ್ಮ ಫಸ್ಟ್ ಏಡ್ ಡಬ್ಬಿಯಲ್ಲಿ ಅದೇ ಮಾತ್ರೆ ಇತ್ತು. ತೆಗೆದಿಟ್ಟೆ. ಇನ್ಸುಲಿನ್ ಐಸ್ ವಿಷಯ?

ಹುಬ್ಬಳ್ಳಿ ಮಂದಿ

ಐಸ್ ಬೇಕ ಬೇಕ್ರಿ. ನಮ್ಮ ಕಾಕಾ ಥರ್ಮಾಸ್‌ನ್ಯಾಗ ಐಸ್ ತುಂಬಿ ಒಳಗ ಬಾಟಲಿ ಇಟ್ಟು ಒಯ್ತಿದ್ರು.

ಸುಮಾ ನರ್ಸ್

ತೆರೆಯದ ಪೆನ್‌ಗೆ ಫ್ರಿಜ್ ಬೇಕು, 2ರಿಂದ 8 ಡಿಗ್ರಿ. ಆದರೆ ಈಗಾಗಲೇ ಬಳಸ್ತಾ ಇರೋ ಪೆನ್ ಹೊರಗೇ ಇರಬಹುದು. ಬಿಸಿಲು ತಾಗದ, ತಂಪಾದ ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಕೆಡಲ್ಲ. ನಿಮ್ಮ ಪೆನ್‌ಗೆ ಎಷ್ಟು ದಿನ ಅಂತ ಒಳಗಿನ ಚೀಟಿಯಲ್ಲಿ ಇರುತ್ತೆ, ಓದಿ. ಜನವರಿ ಚಳಿ, ಎಸಿ ಬೋಗಿ, ಎರಡು ರಾತ್ರಿ. ಕೈಚೀಲದಲ್ಲಿ ಬಟ್ಟೆ ಸುತ್ತಿ ಇಟ್ಟರೆ ಸಾಕು. ಐಸ್‌ಗೆ ನೇರ ತಾಗಿಸಿದ್ರೇ ತೊಂದರೆ. ಒಂದು ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡೋಕೆ ಚೆನ್ನಾಗೇ ಕಾಣಬಹುದು, ಕೆಲಸ ಮಾಡಲ್ಲ. ಕಾಕಾ ಅವರ ಬಾಟಲಿ ಎಷ್ಟು ಸಲ ಹಾಳಾಗಿತ್ತೋ ಏನೋ.

ನನಗೆ ಭಯ ಇರೋದು ಇನ್ಸುಲಿನ್ ಇಡೋದರ ಬಗ್ಗೆ ಅಲ್ಲ, ಹಾಕೋ ಹೊತ್ತಿನ ಬಗ್ಗೆ. ಮನೆಯಲ್ಲಿ 8ಕ್ಕೆ ಇನ್ಸುಲಿನ್, 8.20ಕ್ಕೆ ತಿಂಡಿ. ರೈಲಲ್ಲಿ 8ಕ್ಕೆ ಹಾಕಿಬಿಡ್ತೀರಿ. ತಿಂಡಿ ತರೋನು ಮುಂದಿನ ಸ್ಟೇಷನ್ ಅಂತಾನೆ, ಆ ಸ್ಟೇಷನ್ 10ಕ್ಕೂ ಬರಲ್ಲ. ಅಷ್ಟರಲ್ಲಿ ಬೆವರು, ನಡುಕ, ಮಾತು ತೊದಲು. ಅದಕ್ಕೆ ಒಂದೇ ನಿಯಮ: ಊಟ ಕೈಯಲ್ಲಿ, ಮುಚ್ಚಳ ತೆಗೆದು ನೋಡಿದ ಮೇಲೆ ಸೂಜಿ. ಸಕ್ಕರೆ ನೋಡೋ ಮೆಷಿನ್ ಇಟ್ಕೊಳ್ಳಿ. 70ಕ್ಕಿಂತ ಕೆಳಗೆ ಬಂದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಆಮೇಲೆ ಬಿಸ್ಕತ್ತೋ ಚಪಾತಿಯೋ ಏನಾದ್ರೂ ತಿನ್ನಿಸಿ. ಮಂಕಾಗಿ ನುಂಗೋಕೆ ಆಗದಿದ್ರೆ ಬಾಯಿಗೆ ಏನೂ ಹಾಕಬೇಡಿ, 139ಕ್ಕೆ ಫೋನ್ ಮಾಡಿ, ಟಿಟಿಇಗೂ ಹೇಳಿ. ಮುಂದಿನ ದೊಡ್ಡ ಸ್ಟೇಷನ್‌ಗೆ ಡಾಕ್ಟರ್ ಕರೆಸ್ತಾರೆ.

ಮಾತ್ರೆಗಳು ಮೂರು ದಿನದ್ದು ಹೆಚ್ಚಿಗೆ ಇರಲಿ. ಅರ್ಧ ನಿಮ್ಮ ಕೈಚೀಲದಲ್ಲಿ, ಅರ್ಧ ಪೆಟ್ಟಿಗೆಯಲ್ಲಿ. ಬಿಡಿ ಮಾಡಿ ಡಬ್ಬಿಗೆ ಸುರಿಯಬೇಡಿ, ಪಟ್ಟಿಯಲ್ಲೇ ಇರಲಿ. ಕಳೆದುಹೋದ್ರೆ ಝಾನ್ಸಿಯ ಅಂಗಡಿಯವನಿಗೆ ತೋರಿಸೋಕೆ ಹೆಸರು ಬೇಕಲ್ಲ.

ರೇಖಾ, ಮೈಸೂರು

ಮಾತ್ರೆ ಬಿಡೋ ವಿಷಯ ನಾನೂ ಹೇಳಲೇಬೇಕು. ನಮ್ಮತ್ತೆಗೆ ಹಾರ್ಟ್ ತೊಂದರೆ, ನೀರಿನ ಮಾತ್ರೆ ಇದೆ. ಹೋದ ವರ್ಷ ಮುಂಬೈಗೆ ಹೋಗುವಾಗ "ರೈಲಲ್ಲಿ ಯಾರು ಎದ್ದೂ ಎದ್ದೂ ಹೋಗ್ತಾರೆ" ಅಂತ ಹಿಂದಿನ ದಿನದಿಂದಲೇ ಬಿಟ್ಟಿದ್ದರು. ನಮಗೆ ಗೊತ್ತೇ ಇಲ್ಲ. ಜೊತೆಗೆ ಪುಳಿಯೋಗರೆ, ಉಪ್ಪಿನಕಾಯಿ, ಹಪ್ಪಳ. ಇಳಿಯೋ ಹೊತ್ತಿಗೆ ಪಾದ ಚಪ್ಪಲಿಗೆ ಹಿಡಿಸ್ತಿಲ್ಲ. ಆ ರಾತ್ರಿ ಮಲಗಿದ್ರೆ ಉಸಿರು ಕಟ್ಟೋದು, ಕೂತರೆ ಸರಿ. ಮೂರು ದಿನ ಆಸ್ಪತ್ರೆ. ಡಾಕ್ಟರನ್ನ ಮುಂಚೆ ಕೇಳಿದ್ದಿದ್ರೆ ಮಾತ್ರೆ ಯಾವ ಹೊತ್ತಿಗೆ ತೊಗೊಂಡ್ರೆ ಒಳ್ಳೇದು ಅಂತ ಹೇಳ್ತಿದ್ದರಂತೆ.

ಸೋಮಣ್ಣ ತುಮಕೂರು

ನಡುವೆ ಇಳಿಯೋ ಪ್ರಶ್ನೆಗೆ: 500 ಕಿಲೋಮೀಟರ್ ದಾಟಿದ ಮೇಲೆ ಅದೇ ಟಿಕೆಟ್‌ನಲ್ಲಿ ಇಳಿದು ಎರಡು ದಿನ ಇದ್ದು ಮತ್ತೆ ಹತ್ತಬಹುದು. ಇದು ಹಳೇ ನಿಯಮ, ನಾನೇ ಮಾಡಿದ್ದೀನಿ.

ವಾಡಿ ಜಂಕ್ಷನ್

ನಿಯಮ ಇದೆ ಸೋಮಣ್ಣ, ಇಲ್ಲ ಅನ್ನಲ್ಲ. ಆದರೆ ಇವರ ಮೊಬೈಲ್ ಟಿಕೆಟ್‌ಗೆ ಅದನ್ನ ನಂಬಿಕೊಂಡು ಹೊರಟರೆ ಮುಂದಿನ ರೈಲಲ್ಲಿ ಬರ್ತ್ ಯಾರು ಕೊಡ್ತಾರೆ? ಇಳಿಯೋದಿದ್ರೆ ಎರಡು ಬೇರೆ ಬೇರೆ ಟಿಕೆಟ್ ಮಾಡಿಸೋದೇ ನೆಮ್ಮದಿ. ದೂರ ಹೆಚ್ಚಿದಂತೆ ಕಿಲೋಮೀಟರ್ ದರ ಇಳಿಯೋದರಿಂದ ತುಂಡು ಟಿಕೆಟ್‌ಗೆ ಒಟ್ಟು ಸ್ವಲ್ಪ ಜಾಸ್ತಿ ಆಗುತ್ತೆ, ಅಷ್ಟೇ.

ಇದೇ ಗಾಡಿಯಲ್ಲಿ ಇಳಿಯೋಕೆ ಎರಡು ಜಾಗ ನನಗೆ ಹೊಳೆಯುತ್ತೆ. ಒಂದು ಸೊಲ್ಲಾಪುರ. ಮೊದಲ ರಾತ್ರಿ ಕಳೆದು ಬೆಳಗ್ಗೆ ಬರುತ್ತೆ. ಕನ್ನಡ ಆಡೋರು ಬೇಕಾದಷ್ಟಿದ್ದಾರೆ. ಹಗಲೂ ರಾತ್ರಿಯೂ ಮಲಗಿ, ಮಾರನೇ ಬೆಳಗ್ಗೆ ಅದೇ ಗಾಡಿ ಹಿಡೀರಿ. ಇನ್ನೊಂದು ಭೂಸಾವಳ. ಸಂಜೆ ಇಳಿದು, ಮಾರನೇ ಸಂಜೆ ಹತ್ತಿದ್ರೆ ಬೆಳಗ್ಗೆ ದೆಹಲಿ. ಭೋಪಾಲ್ ಮಾತ್ರ ಬೇಡ, ನಡುರಾತ್ರಿ ಹತ್ತಿರ ಇಳಿಸುತ್ತೆ. ಸ್ಟೇಷನ್ ರಿಟೈರಿಂಗ್ ರೂಮ್ ಕನ್‌ಫರ್ಮ್ ಟಿಕೆಟ್‌ನ ಪಿಎನ್‌ಆರ್ ಹಾಕಿ ಬುಕ್ ಮಾಡಬಹುದು. ಮೊದಲು ಕೇಳಬೇಕಾದ್ದು ಅದು ಮಹಡಿ ಮೇಲಿದೆಯಾ, ಲಿಫ್ಟ್ ಇದೆಯಾ ಅಂತ.

ಸುಮಾ ನರ್ಸ್

ನನಗೆ ಇಳಿಯೋದು ಅಷ್ಟು ಒಪ್ಪಿಗೆ ಇಲ್ಲ. ಮಂಡಿ ನೋವಿನವರಿಗೆ ಕಷ್ಟ ಮಲಗೋದಲ್ಲ, ಹತ್ತೋದು ಇಳಿಯೋದು. ನಡುವೆ ಇಳಿದ್ರೆ ಅದು ಎರಡು ಪಟ್ಟು. ಮೇಲ್ಸೇತುವೆ, ಆಟೋ, ಗೊತ್ತಿಲ್ಲದ ಬಾತ್‌ರೂಮು. ಬೋಗಿ ಒಳಗೇ ಎರಡು ಗಂಟೆಗೊಮ್ಮೆ ಈ ತುದಿಯಿಂದ ಆ ತುದಿ ನಡೆಸಿ, ಪಾದ ಆಡಿಸಿ. ಕಾಲಿನ ರಕ್ತ ಓಡಾಟಕ್ಕೆ ಅದು ಬೇಕು.

ರೇಖಾ, ಮೈಸೂರು

ನಾನು ವಾಡಿಯವರ ಪರ. ಎರಡನೇ ರಾತ್ರಿಗೆ ನಮ್ಮತ್ತೆ ಪೂರ್ತಿ ಸುಸ್ತು. ಒಂದು ರಾತ್ರಿ ಅಲುಗಾಡದ ಮಂಚ ಸಿಕ್ಕಿದ್ರೆ ಕಥೆ ಬೇರೆ ಇರ್ತಿತ್ತು.

ಹುಬ್ಬಳ್ಳಿ ಮಂದಿ

ಸ್ಟೇಷನ್ ಸ್ಟೇಷನ್‌ನ್ಯಾಗ ಕೆಳಗ ಇಳಿಸಿ ಒಂದಿಷ್ಟು ಅಡ್ಡಾಡಿಸ್ರಿ, ಅದ ಸಾಕು.

ವಾಡಿ ಜಂಕ್ಷನ್

ಅದನ್ನ ಮಾತ್ರ ಮಾಡಬೇಡ್ರಿ. ಹಲವು ಕಡೆ ನಿಲ್ಲೋದೇ ಎರಡು ಮೂರು ನಿಮಿಷ. ಮಂಡಿ ನೋವಿನವರು ಮೆಟ್ಟಿಲು ಇಳಿದು ತಿರುಗೋದರಲ್ಲಿ ಗಾಡಿ ಹೊರಡುತ್ತೆ. ಓಡಿ ಹತ್ತೋಕೆ ಹೋಗಿ ಏನಾಗುತ್ತೆ ಅಂತ ನಾನು ಕಣ್ಣಾರೆ ಕಂಡಿದ್ದೀನಿ, ಇಲ್ಲಿ ಬರೆಯಲ್ಲ.

ಜಯನಗರದ ಮಗ

ದೆಹಲಿ ಸೇರಿದ್ದೀವಿ, ಏನಾಯ್ತು ಅಂತ ಹೇಳಬೇಕಲ್ವಾ. ತೆರೆದ ದಿನ 8ಕ್ಕೆ ಕೂತೆ. ಸೆಕೆಂಡ್ ಎಸಿ, ಅಪ್ಪನಿಗೆ ಲೋಯರ್, ನನಗೆ ಅವರ ನೇರ ಮೇಲಿನ ಅಪ್ಪರ್. ನಡುವೆ ಇಳಿಯಲಿಲ್ಲ. ಅಪ್ಪನೇ "ಒಂದೇ ಸಲ ಹೋಗೋಣ" ಅಂದ್ರು.

ಮೊದಲ ರಾತ್ರಿ ಕ್ಯಾನ್ ಬೇಡ ಅಂದ್ರು. ಎರಡನೇ ರಾತ್ರಿ ಇಟಾರ್ಸಿ ದಾಟೋ ತನಕ ನರ್ಮದೆ ಸೇತುವೆ ನೋಡಬೇಕು ಅಂತ ಕತ್ತಲಲ್ಲಿ ಕಿಟಕಿಗೆ ಮುಖ ಒತ್ತಿ ಕೂತಿದ್ದರು. ಏನೂ ಕಾಣಲಿಲ್ಲ, ಸದ್ದು ಕೇಳಿ ಕೈ ಮುಗಿದ್ರು. ಆಮೇಲೆ ಮೆಲ್ಲಗೆ "ಆ ಡಬ್ಬ ಎಲ್ಲಿಟ್ಟಿದ್ದೀಯ" ಅಂದ್ರು. ಸುಮಾ ಅವರಿಗೆ ನಮಸ್ಕಾರ.

ಗ್ವಾಲಿಯರ್ ಆದ ಮೇಲೆ ಮಂಜು. ಗಾಡಿ ನಿಂತೂ ನಿಂತೂ ಹೋಯ್ತು. 8ಕ್ಕೆ ಅಪ್ಪ ಅಭ್ಯಾಸ ಬಲದಿಂದ ಪೆನ್ ಕೈಗೆ ತೊಗೊಂಡ್ರು, ನಾನು ಕಿತ್ತಿಟ್ಟೆ. ಬೈದ್ರು. ಹೇಳಿದ್ದ ತಿಂಡಿ ಬಂದಾಗ ಗಂಟೆ 9.45. ಆಗ ಮೆಷಿನ್‌ನಲ್ಲಿ 92. ಎಂಟಕ್ಕೇ ಚುಚ್ಚಿಕೊಂಡಿದ್ದಿದ್ರೆ ಏನಾಗ್ತಿತ್ತೋ.

ಎಡವಿದ್ದು ಎರಡು ಕಡೆ. ಮಂಡಿ ಊದಿತು, ಇಳಿಯುವಾಗ ಮೆಟ್ಟಿಲಲ್ಲಿ ಬಹಳ ಒದ್ದಾಡಿದ್ರು. ಹಾಗಾಗಿ ರೇಖಾ ಅವರು ಹೇಳಿದ್ದೇ ಸರಿಯಿತ್ತಾ ಅಂತ ನನಗೆ ಈಗಲೂ ಅನುಮಾನ. ಇನ್ನೊಂದು, ತಂಗಿ ಪಹಾರ್‌ಗಂಜ್ ಕಡೆ ಕಾರು ನಿಲ್ಲಿಸಿ ಕಾಯ್ತಿದ್ಲು, ಗಾಡಿ ಬಂದಿದ್ದು ಅಜ್ಮೇರಿ ಗೇಟ್ ಕಡೆ ಪ್ಲಾಟ್‌ಫಾರ್ಮ್‌ಗೆ. ಆ ಚಳಿಯಲ್ಲಿ ಗಾಲಿಕುರ್ಚಿ ಹುಡುಕಿ ಕೂರಿಸೋಕೆ ಮುಕ್ಕಾಲು ಗಂಟೆ. ಪ್ಲಾಟ್‌ಫಾರ್ಮ್ ನಂಬರ್ ನೋಡಿಕೊಂಡು ಅವಳಿಗೆ ಹೇಳಬೇಕಿತ್ತು.

ಅಪ್ಪ ಮಾರ್ಚ್‌ಗೆ ವಾಪಸ್ ಬರ್ತಾರೆ. ತಂಗಿ ವಿಮಾನ ಅಂತಾಳೆ, ಅಪ್ಪ ಕೆ.ಕೆ. ಅಂತಾರೆ. ಈ ಸಲ ಸೊಲ್ಲಾಪುರದಲ್ಲಿ ಇಳಿದು ನೋಡೋಣ ಅಂತಿದ್ದೀನಿ. ಅಲ್ಲಿ ಸ್ಟೇಷನ್ ಪಕ್ಕದಲ್ಲೇ, ನೆಲಮಹಡಿಯಲ್ಲಿ ರೂಮ್ ಇರೋ ಲಾಡ್ಜ್ ಯಾರಿಗಾದ್ರೂ ಗೊತ್ತಾ?

ಹುಬ್ಬಳ್ಳಿ ಮಂದಿ

ನಮ್ಮ ಭಾವ ಸೊಲ್ಲಾಪುರದಾಗ ಇರ್ತಾರ. ಕೇಳಿ ಹೇಳ್ತೀನ್ರಿ. ಬಾತ್‌ರೂಮ್ ಕಮೋಡ್ ಬೇಕೇನು?

ಜಯನಗರದ ಮಗ

ಬೇಕೇ ಬೇಕು ಸರ್.